ಎ1, ಎ2, ಎ3 ವೃತ್ತಗಳು: ಎರಕದ ತುಂಡನ್ನು ಎಲ್ಲಿ ಕೂರಿಸಬೇಕು?

ಪ್ರಶ್ನೆ: ನಾನು ಬೆಳಗಾವಿಯ ಒಂದು ವರ್ಕ್‌ಶಾಪ್‌ನಲ್ಲಿ ಇನ್‌ಸ್ಪೆಕ್ಷನ್ ನೋಡಿಕೊಳ್ಳುತ್ತೇನೆ. ಬೀಡುಕಬ್ಬಿಣದ ಗೇರ್‌ಬಾಕ್ಸ್ ಕವರ್ ಬರುತ್ತದೆ, ಇನ್ನೂ ಮಷೀನಿಂಗ್ ಆಗಿರುವುದಿಲ್ಲ. ಮೆಟ್ಟಿಲಿನಂತೆ ಏರಿರುವ ಕಡೆ ಪ್ಯಾಕಿಂಗ್ ಕೊಟ್ಟು ಸರ್ಫೇಸ್ ಪ್ಲೇಟ್ ಮೇಲೆ ಇಟ್ಟರೂ ಅಲ್ಲಾಡುತ್ತದೆ. ಮೈಯಿಂದ ಉಬ್ಬಿ ನಿಂತಿರುವ ಒಂದೇ ಬಾಸ್‌ನ ಎತ್ತರ ಎತ್ತಿಟ್ಟಾಗಲೆಲ್ಲ ಅರ್ಧ ಮಿ.ಮೀ.ವರೆಗೆ ಬದಲಾಗುತ್ತದೆ. ಡ್ರಾಯಿಂಗ್‌ನಲ್ಲಿ ಎ1, ಎ2, ಎ3, ಬಿ1, ಬಿ2, ಸಿ1 ಅಂತ ವೃತ್ತಗಳಿವೆ. ಇವನ್ನು ಹೇಗೆ ಓದುವುದು?

ಉತ್ತರ: ನಿಮ್ಮ ತೊಂದರೆಗೆ ಉತ್ತರ ಆ ವೃತ್ತಗಳಲ್ಲೇ ಇದೆ. ಎರಕದ ಮೈ ಉಬ್ಬುತಗ್ಗಾಗಿರುತ್ತದೆ. ಸುಮ್ನೆ ಪ್ಲೇಟ್ ಮೇಲೆ ಇಟ್ಟರೆ ಅವತ್ತು ಯಾವ ಮೂರು ಉಬ್ಬು ಸಿಕ್ಕುತ್ತವೋ ಅವುಗಳ ಮೇಲೆ ಕೂರುತ್ತದೆ. ‘ಇಲ್ಲಿ, ಇಲ್ಲಿ, ಇಲ್ಲಿ ಮಾತ್ರ ಮುಟ್ಟು’ ಎಂದು ಡಿಸೈನರ್ ಹೇಳಿರುವುದೇ ಡೇಟಮ್ ಟಾರ್ಗೆಟ್. ಡೇಟಮ್ ಅಂದರೆ ಅಳತೆಗಳಿಗೆಲ್ಲ ಆಧಾರವಾಗುವ ನೆಲೆ.

ವೃತ್ತದ ನಡುವೆ ಅಡ್ಡಗೆರೆ ಇದೆ, ಅಲ್ವಾ? ಕೆಳಗಿನ ಅರ್ಧದಲ್ಲಿ ಡೇಟಮ್‌ನ ಅಕ್ಷರ ಮತ್ತು ಟಾರ್ಗೆಟ್‌ನ ನಂಬರ್ ಇರುತ್ತದೆ. ಮೇಲಿನ ಅರ್ಧದಲ್ಲಿ ವ್ಯಾಸದ ಗುರುತಿನ ಜೊತೆ 12 ಎಂದಿದ್ದರೆ ಅದು ಏರಿಯಾ: ಅಲ್ಲಿ ಮುಖ ಚಪ್ಪಟೆಯಾದ 12 ಮಿ.ಮೀ. ಪಿನ್ ಬೇಕು. ಮೇಲೆ ಖಾಲಿ ಇದ್ದು, ಮೈಮೇಲೆ ಒಂದು ಕ್ರಾಸ್ ಮಾರ್ಕ್ ಇದ್ದರೆ ಅದು ಪಾಯಿಂಟ್: ಅಲ್ಲಿಗೆ ತುದಿ ಗುಂಡಗಿರುವ ಪಿನ್.

ಆಮೇಲೆ ವೃತ್ತದಿಂದ ಹೊರಟ ಗೆರೆ ನೋಡಿ. ಅದು ಅಖಂಡವಾಗಿದ್ದರೆ ಟಾರ್ಗೆಟ್ ನಿಮಗೆ ಕಾಣುತ್ತಿರುವ ಮುಖದಲ್ಲೇ ಇದೆ. ತುಂಡುತುಂಡಾಗಿದ್ದರೆ ಹಿಂದಿನ ಮುಖದಲ್ಲಿದೆ. ಇದನ್ನು ಗಮನಿಸದೆ ನಾನೂ ಒಮ್ಮೆ ಕಾಸ್ಟಿಂಗನ್ನು ತಲೆಕೆಳಗಾಗಿ ಕಟ್ಟಿ ಅರ್ಧ ದಿನ ಹಾಳು ಮಾಡಿಕೊಂಡಿದ್ದೆ.

ಈಗ ನಿಮ್ಮ ಕವರ್‌ನಂಥದ್ದೇ ಒಂದನ್ನು ತೆಗೆದುಕೊಳ್ಳೋಣ. ಎ1, ಎ2 ಒಂದು ತುದಿಯಲ್ಲಿ ಒಂದೇ ಮಟ್ಟದಲ್ಲಿವೆ. ಎ3 ಅವುಗಳಿಂದ 240 ಮಿ.ಮೀ. ದೂರದಲ್ಲಿ, ಮೆಟ್ಟಿಲಿನ ಮೇಲಿದೆ. ಚೌಕದೊಳಗೆ 20 ಎಂದು ಬರೆದಿದೆ. ಅಂದರೆ ಎ3ರ ಪಿನ್ ಉಳಿದೆರಡಕ್ಕಿಂತ ಸರಿಯಾಗಿ 20 ಮಿ.ಮೀ. ಎತ್ತರ ಇರಬೇಕು. ಕೈಗೆ ಸಿಕ್ಕ ಪ್ಯಾಕಿಂಗ್ ತೂರಿಸಿದರೆ ಆಗುವುದಿಲ್ಲ. ಅಲ್ಲಿ ಅಂಟಿಕೊಂಡ ಮರಳಿನ ಕಣ ಎ3 ಕಡೆಯನ್ನು 0.3 ಎತ್ತಿತು ಅಂದುಕೊಳ್ಳಿ. ಎ1–ಎ2 ಗೆರೆಯಿಂದ 360 ಮಿ.ಮೀ. ದೂರದಲ್ಲಿರುವ ಬಾಸ್ ಎಷ್ಟು ಏರುತ್ತದೆ? 0.3 × 360 ÷ 240, ಅಂದರೆ 0.45. ನೀವು ಹೇಳಿದ ಅರ್ಧ ಮಿ.ಮೀ. ಹತ್ತಿರ ಬಂತು ನೋಡಿ. ಬಾಸ್ ಸರಿಯಾಗೇ ಇರಬಹುದು, ಕೂತಿದ್ದು ಸರಿ ಇಲ್ಲ.

ಎ ಮೂರರ ಮೇಲೆ ಕೂರಿಸಿದ ನಂತರ ಪಕ್ಕದ ಗೋಡೆಯನ್ನು ಬಿ1, ಬಿ2ಗೆ ಒತ್ತಿ, ಕೊನೆಗೆ ಸಿ1ಗೆ ತಳ್ಳಿ. ಈ ಕ್ರಮ ಬದಲಿಸಬೇಡಿ. ಪಕ್ಕದ ಗೋಡೆಗೆ ಡ್ರಾಫ್ಟ್, ಅಂದರೆ ಅಚ್ಚಿನಿಂದ ಸುಲಭವಾಗಿ ಬಿಡಲೆಂದು ಕೊಟ್ಟ ಓರೆ, ಇರುತ್ತದೆ, ಅದಕ್ಕೇ ಬಿ ಪಿನ್‌ಗಳ ಎತ್ತರವನ್ನೂ ಚೌಕದೊಳಗೆ ಕೊಟ್ಟಿರುತ್ತಾರೆ. 2 ಡಿಗ್ರಿ ಡ್ರಾಫ್ಟ್ ಇರುವ ಗೋಡೆಗೆ ಪಿನ್ 5 ಮಿ.ಮೀ. ಮೇಲೆ ಮುಟ್ಟಿದರೂ ಇಡೀ ಕಾಸ್ಟಿಂಗ್ ಸುಮಾರು 0.17 ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ.

ಪಿನ್ ಮುಟ್ಟುವ ಜಾಗವನ್ನು ಮೊದಲೇ ಬೆರಳಿನಿಂದ ಸವರಿ ನೋಡಿ. ಮರಳು ಅಂಟಿದ್ದರೆ ತೆಗೆಯಿರಿ. ಆದರೆ ಆ ಜಾಗವನ್ನು ಗ್ರೈಂಡ್ ಮಾಡಬೇಡಿ, ಡೇಟಮ್ಮೇ ಬದಲಾಗುತ್ತದೆ. ಪಾರ್ಟಿಂಗ್ ಲೈನ್ ಅಥವಾ ರನ್ನರ್ ಮುರಿದ ಗುರುತು ಟಾರ್ಗೆಟ್ ಮೇಲೇ ಬಂದಿದ್ದರೆ ಅದು ನಿಮ್ಮ ಕೈಯಲ್ಲಿ ಸರಿಹೋಗುವ ವಿಷಯ ಅಲ್ಲ. ಡಿಸೈನ್‌ನವರಿಗೂ ಫೌಂಡ್ರಿಗೂ ತಿಳಿಸಿ.

ಕ್ಲ್ಯಾಂಪನ್ನು ಎ ಪಿನ್‌ಗಳ ನೇರ ಮೇಲೆಯೇ ಹಾಕಿ. ನಡುವೆ ಬಿಗಿದರೆ ತೆಳು ಕವರ್ ಬಾಗುತ್ತದೆ. ಇನ್ನೊಂದು ಕಡೆ ಆಸರೆ ಬೇಕೇ ಬೇಕಾದರೆ ಸ್ಕ್ರೂ ಜಾಕ್ ಇಡಿ. ಜಾಕ್‌ನ ಮೇಲ್ಗಡೆ, ಕಾಸ್ಟಿಂಗ್ ಮೈಮೇಲೆ ಡಯಲ್ ಇಟ್ಟು, ಮುಳ್ಳು ಅಲುಗುವ ಮುನ್ನವೇ ನಿಲ್ಲಿಸಿ.

ಸಿಎಂಎಂ, ಅಂದರೆ ಪ್ರೋಬ್‌ನಿಂದ ಮುಟ್ಟಿ ಅಳೆಯುವ ಯಂತ್ರ, ಇದ್ದರೆ ಅಲ್ಲಿ ಬೇರೊಂದು ಗೊಂದಲ ಇದೆ. ಟಾರ್ಗೆಟ್ ಎಲ್ಲಿದೆ ಎಂದು ಗೊತ್ತಾಗಲು ಅಲೈನ್‌ಮೆಂಟ್ ಬೇಕು, ಅಲೈನ್‌ಮೆಂಟ್ ಆಗಲು ಟಾರ್ಗೆಟ್ ಮುಟ್ಟಬೇಕು! ಆದ್ದರಿಂದ ಮೊದಲು ಅಂದಾಜಿನಲ್ಲಿ ಆರೂ ಕಡೆ ಮುಟ್ಟಿ ಅಲೈನ್ ಮಾಡಿ. ಆಮೇಲೆ ಡ್ರಾಯಿಂಗ್‌ನ ಅಳತೆಗೆ ಹೋಗಿ ಮತ್ತೆ ಮುಟ್ಟಿ. ಸರಿಯುವಿಕೆ ತೀರಾ ಚಿಕ್ಕದಾಗುವವರೆಗೆ ಹೀಗೇ ಸುತ್ತು ಹಾಕಬೇಕು. ಏರಿಯಾ ಟಾರ್ಗೆಟ್‌ನ ನಡುವೆ ಪ್ರೋಬ್‌ನಿಂದ ಒಂದೇ ಸಲ ಮುಟ್ಟಿದರೆ ತಗ್ಗು ಸಿಗಬಹುದು. ಚಪ್ಪಟೆ ಪಿನ್ ಮಾತ್ರ ಉಬ್ಬಿನ ಮೇಲೇ ಕೂರುತ್ತದೆ. ಫಿಕ್ಸ್ಚರ್ ಇದ್ದರೆ ಕಾಸ್ಟಿಂಗ್ ಮೈಯಿಂದಲ್ಲ, ಪಿನ್‌ಗಳಿಂದಲೇ ಡೇಟಮ್ ತೆಗೆಯಿರಿ.

ಕೊನೆಗೆ ಪರೀಕ್ಷೆ. ಮೂರೂ ಎ ಪಿನ್‌ಗಳ ಹತ್ತಿರ 0.05ರ ಫೀಲರ್ ತೂರಿಸಿ ನೋಡಿ. ಎರಕದ ಒರಟಿನಿಂದಾಗಿ ಒಂದು ಅಂಚಿನಲ್ಲಿ ತೂರಬಹುದು, ಆದರೆ ಪಿನ್‌ನ ಸುತ್ತಲೂ ಹೋದರೆ ಕೂತಿಲ್ಲ. ನಂತರ ಅದೇ ಕವರನ್ನು ಐದು ಸಲ ಎತ್ತಿ ಕೂರಿಸಿ, ಅದೇ ಬಾಸ್‌ನ ಎತ್ತರ ಬರೆದುಕೊಳ್ಳಿ. ಐದೂ ಹೆಚ್ಚುಕಡಿಮೆ ಒಂದೇ ಬಂದು, ಆದರೂ ಡ್ರಾಯಿಂಗ್‌ನ ಅಳತೆಗೆ ಹೊಂದದಿದ್ದರೆ ಮೊದಲು ಪಿನ್‌ಗಳ ಎತ್ತರ ಅಳೆಯಿರಿ. ಅವು ಸರಿ ಇದ್ದರೆ ಫೌಂಡ್ರಿಗೆ ಫೋನ್ ಮಾಡಬಹುದು.