ಸ್ಕ್ಯಾನ್ ಸೆನ್ಸರ್ ಸಾಕಾ, ಅಲಾರಂ ಇರುವುದೇ ಬೇಕಾ?

"ಅಮ್ಮ ರಾತ್ರಿ ಇನ್ಸುಲಿನ್ ತಗೊಳ್ತಾರೆ. ಮಲಗುವಾಗ, ಎದ್ದಾಗ ಸಕ್ಕರೆ ಸೆನ್ಸರ್ ಸ್ಕ್ಯಾನ್ ಮಾಡ್ತೀವಿ. ಅಷ್ಟು ಸಾಲದಾ?"

ರಾತ್ರಿ ಇನ್ಸುಲಿನ್ ತಗೊಳ್ಳುವವರಿಗೆ ಅಷ್ಟು ಸಾಲದು. ನನ್ನ ಮಟ್ಟಿಗೆ ಅಲಾರಂ ಇರುವುದೇ ಬೇಕು.

ಮೊದಲ ಫ್ರೀಸ್ಟೈಲ್ ಲಿಬ್ರೆಯಂಥ ಫ್ಲ್ಯಾಶ್ ಸೆನ್ಸರ್ ತೋಳಿನಲ್ಲಿ ಕೂತು ಸಕ್ಕರೆ ಅಳೆಯುತ್ತಲೇ ಇರುತ್ತದೆ. ಆದರೆ ನೀವು ಫೋನ್ ಹತ್ತಿರ ಹಿಡಿಯುವವರೆಗೂ ಏನೂ ಹೇಳುವುದಿಲ್ಲ. ರಾತ್ರಿ 11ಕ್ಕೆ 124, ಬೆಳಿಗ್ಗೆ 6ಕ್ಕೆ 148 ಬಂತು ಅಂದುಕೊಳ್ಳಿ. ಎರಡೂ ಚೆನ್ನಾಗೇ ಕಾಣುತ್ತವೆ, ಅಲ್ವಾ? ಗ್ರಾಫ್ ತೆರೆದರೆ ಎರಡೂವರೆಗೆ 56ಕ್ಕೆ ಇಳಿದು, ಮತ್ತೆ ಮೇಲೆ ಬಂದಿರಬಹುದು. ಅದು ನಿಮಗೆ ಗೊತ್ತಾಗುವುದು ಬೆಳಿಗ್ಗೆ. ಅಲಾರಂ ಇರುವ ಸೆನ್ಸರ್ ಆಗಿದ್ದರೆ 70 ದಾಟಿ ಇಳಿದಾಗಲೇ ಫೋನ್ ಕೂಗುತ್ತಿತ್ತು, ಅಮ್ಮ ಎದ್ದು ಸಕ್ಕರೆ ನೀರು ಕುಡಿಯಬಹುದಿತ್ತು.

ಇನ್ನೊಂದು ವಿಷಯ. ಸೆನ್ಸರಿನ ನೆನಪು 8 ಗಂಟೆ ಮಾತ್ರ. ರಾತ್ರಿ 9ಕ್ಕೆ ಸ್ಕ್ಯಾನ್ ಮಾಡಿ ಮತ್ತೆ ಬೆಳಿಗ್ಗೆ 7ಕ್ಕೆ ಮಾಡಿದರೆ 9ರಿಂದ 11ರವರೆಗಿನದು ಅಳಿಸಿಹೋಗಿರುತ್ತದೆ. ಊಟ ಆದಮೇಲೆ ಸಕ್ಕರೆ ಜಾಸ್ತಿ ಏರುವುದೇ ಆ ಹೊತ್ತಿನಲ್ಲಿ! ಗ್ರಾಫಿನಲ್ಲಿ ಅಲ್ಲಿ ಗೆರೆಯೇ ಇರುವುದಿಲ್ಲ.

ಲಿಬ್ರೆ 2ರಲ್ಲಿ ಅಲಾರಂ ಇದೆ, ಸೆಟ್ಟಿಂಗ್ಸ್‌ನಲ್ಲಿ ಆನ್ ಆಗಿದೆಯಾ ನೋಡಿ. ಬ್ಲೂಟೂತ್ ಆನ್ ಇರಬೇಕು, ಫೋನ್ ಅಮ್ಮನ ಕೋಣೆಯಲ್ಲೇ ಇರಬೇಕು. ಹಾಲ್‌ನಲ್ಲಿ ಚಾರ್ಜಿಗೆ ಹಾಕಿ ಮಲಗಿದರೆ ಸಂಪರ್ಕ ತಪ್ಪಿ ಅಲಾರಂ ಬರದೇ ಹೋಗಬಹುದು. ಸೆನ್ಸರ್ ಇರುವ ತೋಳಿನ ಮೇಲೆ ಒತ್ತಿ ಮಲಗಿದರೆ ಸುಮ್ನೆ ಕಡಿಮೆ ತೋರಿಸುವುದೂ ಉಂಟು. ಮೈ ಬೆವರು, ನಡುಕ ಇಲ್ಲದೆ ಅಲಾರಂ ಬಂದರೆ ಬೆರಳು ಚುಚ್ಚಿ ನೋಡಿ.

ಬೆಳಗಿನ ಗ್ರಾಫಿನಲ್ಲಿ ರಾತ್ರಿ ಇಳಿತ ಕಂಡರೆ ಅದನ್ನು ಡಾಕ್ಟರಿಗೆ ತೋರಿಸಿ. ಇನ್ಸುಲಿನ್ ಡೋಸ್ ಬದಲಿಸಬೇಕಾಗಬಹುದು.