ಅಂಗಡಿಯವರು ಸರ್ಟಿಫಿಕೇಟ್ ಕೊಡದಿದ್ದರೆ ಸಿಸಿಟಿವಿ ವಿಡಿಯೋ ಕೋರ್ಟಲ್ಲಿ ನಿಲ್ಲುತ್ತಾ?

"ಮೂಡಿಗೆರೆ ಹತ್ತಿರ ಪಕ್ಕದ ತೋಟದವರು ನಮ್ಮ ಬೇಲಿ ಕಿತ್ತಿದ್ದು ಎದುರಂಗಡಿ ಸಿಸಿಟಿವಿಯಲ್ಲಿದೆ. ಪೆನ್‌ಡ್ರೈವ್ ಕೊಟ್ಟರು, ಸರ್ಟಿಫಿಕೇಟ್‌ಗೆ ಸಹಿ ಹಾಕಲ್ಲ ಅಂತಾರೆ. ದಾವೆ ನಡೀತಿದೆ, ಏನು ಮಾಡಲಿ?"

ಸರ್, ಗಾಬರಿ ಬೇಡ. ಈ ಸರ್ಟಿಫಿಕೇಟ್ ಅಂದರೆ ವಿಡಿಯೋ ಯಾವ ಸಾಧನದಿಂದ ಹೇಗೆ ಬಂತು ಅಂತ ಸಹಿ ಹಾಕಿ ಕೊಡುವ ದೃಢೀಕರಣ. ನಿಮ್ಮಂಥದ್ದೇ ತೊಡಕು ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಕೇಸಿನಲ್ಲಿ ಬಂದಿತ್ತು. ಮಹಾರಾಷ್ಟ್ರದ ಜಾಲ್ನಾದ ಚುನಾವಣಾ ತಕರಾರು ಅದು. ನಾಮಪತ್ರ ಮಧ್ಯಾಹ್ನ 3 ಗಂಟೆ ದಾಟಿದ ಮೇಲೆ ಕೊಟ್ಟರು ಅನ್ನೋದಕ್ಕೆ ಚುನಾವಣಾಧಿಕಾರಿ ಕಚೇರಿಯ ವಿಡಿಯೋ ಸಾಕ್ಷಿ. ಪದೇ ಪದೇ ಕೇಳಿದರೂ ಅಧಿಕಾರಿಗಳು ಸರ್ಟಿಫಿಕೇಟ್ ಕೊಡಲಿಲ್ಲ.

2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಕಾಪಿ ಹಾಜರುಪಡಿಸಿದರೆ ಹಳೇ ಸಾಕ್ಷ್ಯ ಕಾಯ್ದೆಯ 65ಬಿ(4) ಕಲಂನ ಸರ್ಟಿಫಿಕೇಟ್ ಬೇಕೇ ಬೇಕು, ಬಾಯಿಮಾತಿನ ಸಾಕ್ಷಿ ಅದರ ಜಾಗ ತುಂಬಲ್ಲ. ಮೂಲ ಸಾಧನವನ್ನೇ ಅದರ ಮಾಲೀಕರು ಕಟಕಟೆಗೆ ತಂದು ಸಾಕ್ಷಿ ನುಡಿದರೆ ಬೇಡ. ಸಾಧನ ಬೇರೆಯವರ ಕೈಯಲ್ಲಿದ್ದು, ಕೇಳಿಯೂ ಸರ್ಟಿಫಿಕೇಟ್ ಸಿಗದಿದ್ದರೆ, ಕೊಡಿಸಿ ಅಂತ ಕೋರ್ಟಿಗೇ ಅರ್ಜಿ ಹಾಕಬೇಕು. ಜಾಲ್ನಾ ಕೇಸಿನಲ್ಲಿ ಕೈಲಾದ್ದೆಲ್ಲ ಮಾಡಿದ್ದರಿಂದಲೇ ವಿನಾಯಿತಿ ಸಿಕ್ಕಿತು. ಸುಮ್ನೆ ಕೂತಿದ್ದರೆ ಸಿಗುತ್ತಿರಲಿಲ್ಲ.

ಹಾಗಾಗಿ ಅಂಗಡಿಯವರಿಗೆ ಸ್ಪೀಡ್ ಪೋಸ್ಟಲ್ಲಿ ನೋಟಿಸ್ ಕಳಿಸಿ, ಆಮೇಲೆ ಅರ್ಜಿ ಹಾಕಿಸಿ. 2024ರ ಜುಲೈ 1ರಿಂದ 65ಬಿ ಜಾಗಕ್ಕೆ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಬಂದಿದೆ. ಅದರ ನಮೂನೆಯಲ್ಲಿ ಎರಡು ಭಾಗ, ಒಂದಕ್ಕೆ ತಜ್ಞರ ಸಹಿ, ಜೊತೆಗೆ ಫೈಲ್ ಬದಲಾಗಿಲ್ಲ ಅಂತ ತೋರಿಸುವ ಹ್ಯಾಶ್ ಸಂಖ್ಯೆ. ನಿಮಗೆ ಯಾವುದು ಅನ್ವಯ ಅಂತ ವಕೀಲರನ್ನು ಕೇಳಿ. ಸಿಸಿಟಿವಿ ರೆಕಾರ್ಡ್ ಮಾಡುವ ಡಿವಿಆರ್ ತುಂಬಿದರೆ ಹಳೇದು ತಾನೇ ಅಳಿಸಿಹೋಗುತ್ತೆ, ಅಲ್ವಾ? ಅದಕ್ಕೇ ನೋಟಿಸಿನಲ್ಲಿ ಹಾರ್ಡ್ ಡಿಸ್ಕ್ ತೆಗೆದಿಡಿ ಅಂತಲೂ ಬರೆಸಿ, ಇವತ್ತೇ.