ರಜೆ ಸುತ್ತೋಲೆಯ ತಿದ್ದುಪಡಿ

“ದಿನಾಂಕ 15-01-2026ರಂದು ಮಕರ ಸಂಕ್ರಾಂತಿ ಪ್ರಯುಕ್ತ ವಿಧ್ಯಾರ್ಥಿಗಳಿಗೆ ರಜೆ ಘೋಷಿಸಿರುತ್ತದೆ. 16ರಂದು ಶಾಲೆ ಪುನಃರಾರಂಭ, ಪೋಷಕರು ಮಕ್ಕಳನ್ನು ಕಳಿಸತಕ್ಕದ್ದು.” ಸುತ್ತೋಲೆ ಸರಿ ಇದೆಯೇ?

ಕಾಗುಣಿತದ ತಪ್ಪು ಎರಡೇ. ವಿದ್ಯಾ ಮತ್ತು ಅರ್ಥಿ ಸೇರಿ ‘ವಿದ್ಯಾರ್ಥಿ’. ಮಹಾಪ್ರಾಣ ಇರುವುದು ಕೊನೆಯ ‘ಥ’ದಲ್ಲಿ ಮಾತ್ರ, ‘ದ’ಕ್ಕೆ ಬೇಡ. ಪುನಃ ಮತ್ತು ಆರಂಭ ಸೇರಿದಾಗ ವಿಸರ್ಗ ‘ರ’ ಆಗಿಬಿಡುತ್ತದೆ. ಹಾಗಾಗಿ ‘ಪುನರಾರಂಭ’ ಸರಿ. ನೀವು ವಿಸರ್ಗವನ್ನೂ ರಕಾರವನ್ನೂ ಎರಡೂ ಉಳಿಸಿಕೊಂಡಿದ್ದೀರಿ.

‘ಘೋಷಿಸಿರುತ್ತದೆ’ ಎಂದರೆ ಯಾರು ಘೋಷಿಸಿದರು? ಕರ್ತೃ ಇಲ್ಲದ ಕಡೆ ‘ಘೋಷಿಸಲಾಗಿದೆ’ ಎಂದೇ ಬರೆಯಬೇಕು.

ನನಗೆ ಹೆಚ್ಚು ಚುಚ್ಚಿದ್ದು ‘ಕಳಿಸತಕ್ಕದ್ದು’. ಅದು ಮೇಲಧಿಕಾರಿ ಕೈಕೆಳಗಿನವರಿಗೆ ಕೊಡುವ ಆದೇಶದ ಭಾಷೆ. ಪೋಷಕರು ಶಾಲೆಯ ಸಿಬ್ಬಂದಿಯಲ್ಲ, ಅವರನ್ನು ಕೋರಬೇಕು. ವಾರವನ್ನೂ ಸೇರಿಸಿ, ದಿನಾಂಕದಲ್ಲಿ ಬೆರಳಚ್ಚಿನ ತಪ್ಪಾದರೆ ಓದುವವರಿಗೆ ಅದರಿಂದಲೇ ಗೊತ್ತಾಗುತ್ತದೆ.

ಹೀಗೆ ಬರೆಯಿರಿ:

“ಮಕರ ಸಂಕ್ರಾಂತಿ ಹಬ್ಬದ ಪ್ರಯುಕ್ತ ದಿನಾಂಕ 15-01-2026ರ ಗುರುವಾರ ಶಾಲೆಗೆ ರಜೆ ಘೋಷಿಸಲಾಗಿದೆ. ದಿನಾಂಕ 16-01-2026ರ ಶುಕ್ರವಾರದಿಂದ ತರಗತಿಗಳು ಎಂದಿನಂತೆ ನಡೆಯಲಿದ್ದು, ಪೋಷಕರು ತಮ್ಮ ಮಕ್ಕಳನ್ನು ಸಕಾಲಕ್ಕೆ ಶಾಲೆಗೆ ಕಳುಹಿಸಬೇಕೆಂದು ಕೋರಲಾಗಿದೆ.”

ಒಂದು ದಿನದ ರಜೆಗೆ ‘ಪುನರಾರಂಭ’ ದೊಡ್ಡ ಮಾತು, ಅದನ್ನು ಬೇಸಿಗೆ ರಜೆಗೆ ಇಟ್ಟುಕೊಳ್ಳಿ. ಕೆಳಗೆ ಬಲಕ್ಕೆ ಮುಖ್ಯೋಪಾಧ್ಯಾಯರ ಸಹಿ, ಮೊಹರು ಇರಲಿ.